48ರಿಂದ 32 ಕಿಲೋಹರ್ಟ್ಸ್‌ಗೆ: ಒಂದೇ ಫಿಲ್ಟರ್, ಎರಡು ಕೆಲಸ (ನನ್ನ ಅನುಭವ)

ಮೈಕ್‌ನಿಂದ ಧ್ವನಿ 48 ಕಿಲೋಹರ್ಟ್ಸ್‌ನಲ್ಲಿ ಬರುತ್ತಿತ್ತು. ಮುಂದೆ ಅದನ್ನು ಕಳಿಸಬೇಕಾದ ಕೊಂಡಿ 32 ಕಿಲೋಹರ್ಟ್ಸ್ ಮಾತ್ರ ಒಪ್ಪುತ್ತಿತ್ತು. ನಡುವೆ ಇದ್ದದ್ದು ಒಂದು ಚಿಕ್ಕ ಪ್ರೊಸೆಸರ್. ಅನುಪಾತ 2/3. ಅಂದರೆ ಎರಡರಷ್ಟು ಹಿಗ್ಗಿಸಬೇಕು, ಮೂರರಲ್ಲಿ ಒಂದನ್ನು ಇಟ್ಟುಕೊಳ್ಳಬೇಕು.

ಮೊದಲು ಹಿಗ್ಗಿಸುವುದೋ, ಕುಗ್ಗಿಸುವುದೋ? ಮೊದಲೇ ಮೂರರಲ್ಲಿ ಒಂದನ್ನು ಆರಿಸಿದರೆ ರೇಟ್ 16 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಆಗ 8 ಕಿಲೋಹರ್ಟ್ಸ್‌ಗಿಂತ ಮೇಲಿನ ಧ್ವನಿ ಹೋಯಿತು ಅಂತಲೇ ಲೆಕ್ಕ. ಆಮೇಲೆ ಎಷ್ಟು ಹಿಗ್ಗಿಸಿದರೂ ಅದು ವಾಪಸ್ ಬರುವುದಿಲ್ಲ. ಹಾಗಾಗಿ ಮೊದಲು ಹಿಗ್ಗಿಸಬೇಕು. ಪ್ರತಿ ಸ್ಯಾಂಪಲ್ ಪಕ್ಕ ಒಂದು ಸೊನ್ನೆ ಇಟ್ಟರೆ ರೇಟ್ 96 ಕಿಲೋಹರ್ಟ್ಸ್ ಆಗುತ್ತದೆ. ಫಿಲ್ಟರ್ ಅಲ್ಲಿ ಹಾಕಿ, ಆಮೇಲೆ ಮೂರರಲ್ಲಿ ಒಂದನ್ನು ಎತ್ತಿಕೊಳ್ಳಬೇಕು. ಇಷ್ಟು ನನಗೆ ಗೊತ್ತಿತ್ತು. ನಾನು ಎಡವಿದ್ದು ಫಿಲ್ಟರ್‌ನ ಕಟಾಫ್ ವಿಷಯದಲ್ಲಿ.

ಸೊನ್ನೆ ತುಂಬಿದಾಗ ಮೂಲ ಧ್ವನಿಯ ಪ್ರತಿಬಿಂಬ 24 ಕಿಲೋಹರ್ಟ್ಸ್ ಮೇಲೆ ಮೂಡುತ್ತದೆ. ಅದನ್ನು ಅಳಿಸಲು 24ರಲ್ಲಿ ಕಟಾಫ್ ಇಟ್ಟರೆ ಸಾಕು ಅಂದುಕೊಂಡೆ. ಏಲಿಯಾಸಿಂಗ್ ಬಗ್ಗೆ ಯೋಚಿಸಲೇ ಇಲ್ಲ, ಮೈಕ್‌ನ ಕನ್ವರ್ಟರ್ ಅದನ್ನು ಆಗಲೇ ನೋಡಿಕೊಂಡಿದೆ ಅಂತ. ಆದರೆ ಅದು ನೋಡಿಕೊಂಡಿದ್ದು 48ರ ಲೆಕ್ಕಕ್ಕೆ. ಈಗ ನಾನು ಹೋಗುತ್ತಿರುವುದು 32ಕ್ಕೆ, ಅಲ್ಲಿ 16 ಕಿಲೋಹರ್ಟ್ಸ್‌ಗಿಂತ ಮೇಲಿನದಕ್ಕೆ ಜಾಗವೇ ಇಲ್ಲ.

ಮಾತು ಕೇಳಿದಾಗ ಏನೂ ಗೊತ್ತಾಗಲಿಲ್ಲ. ಬೀಗದ ಕೈ ಗೊಂಚಲು ಅಲ್ಲಾಡಿಸಿದಾಗ ಗೊತ್ತಾಯಿತು. ಕಿಣಿಕಿಣಿ ಅನ್ನುವ ಬದಲು ಮರಳು ಕಲಸಿದ ಹಾಗೆ ಗರಗರ ಅನ್ನುತ್ತಿತ್ತು. ಆಗ ಸೊನ್ನೆಯಿಂದ 24 ಕಿಲೋಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಒಂದು ಸ್ವರವನ್ನು ಹಾಯಿಸಿ, ಸ್ಪೆಕ್ಟ್ರೋಗ್ರಾಮ್ ನೋಡಿದೆ. ಗೆರೆ 16ರವರೆಗೆ ನೇರವಾಗಿ ಏರಿತು. ಅಲ್ಲಿ ಗೋಡೆಗೆ ಬಡಿದ ಹಾಗೆ ತಿರುಗಿ, 8ರವರೆಗೆ ಕೆಳಗಿಳಿಯಿತು. 20 ಕಿಲೋಹರ್ಟ್ಸ್ ಇರಬೇಕಾದ ಹೊತ್ತಿಗೆ 12ರಲ್ಲಿ ಕಾಣುತ್ತಿತ್ತು: 32ರಲ್ಲಿ 20 ಕಳೆದರೆ 12. ಗೆರೆ ಹೀಗೆ ಮಡಚಿಕೊಂಡರೆ ಬೇರೆ ಸಾಕ್ಷಿ ಬೇಡ, ಏಲಿಯಾಸಿಂಗೇ.

ಹಾಗಾದರೆ ಎರಡು ಫಿಲ್ಟರ್ ಬೇಕಾ? ಬೇಡ. ಪ್ರತಿಬಿಂಬ ಅಳಿಸುವ ಫಿಲ್ಟರ್ ಸೊನ್ನೆ ತುಂಬಿದ ಮೇಲೆ ಬರಬೇಕು. ಏಲಿಯಾಸಿಂಗ್ ತಡೆಯುವುದು ಸ್ಯಾಂಪಲ್ ಬಿಸಾಡುವ ಮುಂಚೆ ಬರಬೇಕು. ಎರಡೂ ಅದೇ 96 ಕಿಲೋಹರ್ಟ್ಸ್‌ನಲ್ಲಿ, ಒಂದರ ಬೆನ್ನಿಗೆ ಒಂದು ಕೂರುತ್ತವೆ. ಒಂದು 24ಕ್ಕೆ ಕತ್ತರಿಸುತ್ತದೆ, ಇನ್ನೊಂದು 16ಕ್ಕೆ. 16ಕ್ಕೆ ಕತ್ತರಿಸಿದ ಮೇಲೆ 24ರದ್ದಕ್ಕೆ ಕೆಲಸ ಉಳಿಯುವುದಿಲ್ಲ. ಹಾಗಾಗಿ ಎರಡರಲ್ಲಿ ಚಿಕ್ಕ ಕಟಾಫ್ ಇರುವ ಒಂದೇ ಫಿಲ್ಟರ್ ಸಾಕು.

```python
from scipy.signal import firwin, kaiser_beta

L, M = 2, 3
h = L * firwin(96, 16000, fs=96000,
               window=('kaiser', kaiser_beta(60)))
```

ಇದು 14 ಕಿಲೋಹರ್ಟ್ಸ್‌ವರೆಗೆ ಹಾಗೇ ಬಿಟ್ಟು, 18ರಿಂದ ಮೇಲೆ 60 ಡೆಸಿಬೆಲ್‌ಗಿಂತ ಜಾಸ್ತಿ ತಗ್ಗಿಸುತ್ತದೆ. 16 ಮತ್ತು 18ರ ನಡುವಿನದು ಸ್ವಲ್ಪ ನುಸುಳಿ, 14 ಮತ್ತು 16ರ ನಡುವೆ ಮಡಚಿ ಬೀಳುತ್ತದೆ. ಆ ಜಾಗ ನನಗೆ ಮುಖ್ಯವಲ್ಲ ಅಂತ ಗೊತ್ತಿದ್ದೇ ಬಿಟ್ಟೆ. ಅದೂ ಆಗದು ಅನ್ನುವವರು 16ರೊಳಗೇ ಪೂರ್ತಿ ತಗ್ಗುವಂತೆ ಕಟಾಫ್ ಕೆಳಗೆ ತರಬೇಕು. ಆಗ ಮೇಲಿನ ಸ್ವರಗಳು ಅಷ್ಟು ಬೇಗ ಮಂಕಾಗುತ್ತವೆ.

ಮೊದಲಲ್ಲಿರುವ `L` ಗುಣಾಕಾರ ಮರೆತರೆ ಧ್ವನಿ ಅರ್ಧಕ್ಕೆ ಇಳಿಯುತ್ತದೆ, ಯಾಕೆಂದರೆ ಫಿಲ್ಟರ್ ಒಳಗೆ ಹೋಗುವುದರಲ್ಲಿ ಅರ್ಧ ಸೊನ್ನೆಗಳೇ. ಎಲ್ಲಾ ಸ್ಯಾಂಪಲ್‌ಗಳೂ 1 ಇರುವ ಇನ್‌ಪುಟ್ ಕೊಟ್ಟು ನೋಡಿ. ಸ್ವಲ್ಪ ಹೊತ್ತಿನ ಮೇಲೆ ಔಟ್‌ಪುಟ್ 0.5ರಲ್ಲಿ ನಿಂತರೆ ಇದೇ ತಪ್ಪು.

ಈಗ ಖರ್ಚಿನ ಮಾತು. ಸುಮ್ನೆ ಹೇಳಿದ ಹಾಗೆ ಮಾಡಿದರೆ ಸೆಕೆಂಡಿಗೆ 96,000 ಸಲ, ಪ್ರತಿ ಸಲ 96 ಗುಣಾಕಾರ. ಒಟ್ಟು 92 ಲಕ್ಷ. ಅದರಲ್ಲಿ ಅರ್ಧ ಸೊನ್ನೆಯ ಜೊತೆಗಿನ ಗುಣಾಕಾರ. ಬಂದ ಉತ್ತರಗಳಲ್ಲೂ ಮೂರರಲ್ಲಿ ಎರಡು ಕಸದ ಬುಟ್ಟಿಗೆ. ನಮ್ಮ ಪ್ರೊಸೆಸರ್‌ಗೆ ಇದು ಭಾರವಾಯಿತು.

ಒಂದು ಹಾಳೆಯ ಮೇಲೆ ಮೊದಲ ನಾಲ್ಕು ಔಟ್‌ಪುಟ್‌ಗಳನ್ನು ಕೈಯಲ್ಲೇ ಬಿಡಿಸಿ ಬರೆದೆ. ಪಾಲಿಫೇಸ್ ನನಗೆ ನಿಜವಾಗಿ ಅರ್ಥವಾದದ್ದು ಆಗ. ನಮಗೆ ಬೇಕಾದ್ದು 96 ಕಿಲೋಹರ್ಟ್ಸ್ ಸಾಲಿನ 0, 3, 6, 9ನೇ ಸ್ಥಾನಗಳು ಮಾತ್ರ. ಆ ಸಾಲಿನಲ್ಲಿ ನಿಜವಾದ ಸ್ಯಾಂಪಲ್ ಇರುವುದು ಸರಿಸಂಖ್ಯೆಯ ಸ್ಥಾನಗಳಲ್ಲಿ. 3ನೇ ಸ್ಥಾನದಲ್ಲಿ ನಿಂತು ಹಿಂದೆ ನೋಡಿದರೆ, ನಿಜವಾದ ಸ್ಯಾಂಪಲ್‌ಗಳ ಮೇಲೆ ಬೀಳುವುದು `h[1], h[3], h[5]` ಮಾತ್ರ. ಬೇರೆಯವು ಸೊನ್ನೆಯ ಮೇಲೆ ಬೀಳುತ್ತವೆ. 6ನೇ ಸ್ಥಾನದಲ್ಲಿ ನಿಂತರೆ `h[0], h[2], h[4]`. ಅಂದರೆ ಫಿಲ್ಟರ್ ತಾನಾಗಿಯೇ 48 ಟ್ಯಾಪ್‌ನ ಎರಡು ಗುಂಪಾಗಿದೆ. ಔಟ್‌ಪುಟ್‌ಗಳು ಸರದಿಯಂತೆ ಒಂದೊಂದು ಗುಂಪನ್ನು ಬಳಸುತ್ತವೆ. ಇನ್‌ಪುಟ್‌ನಲ್ಲಿ ನಾವು ಒಮ್ಮೆ ಒಂದು ಹೆಜ್ಜೆ, ಮತ್ತೊಮ್ಮೆ ಎರಡು ಹೆಜ್ಜೆ ಮುಂದೆ ಹೋಗುತ್ತೇವೆ. ಸೊನ್ನೆ ತುಂಬುವುದೂ ಬೇಡ, ಬಿಸಾಡುವುದೂ ಬೇಡ. 96 ಕಿಲೋಹರ್ಟ್ಸ್ ಸಾಲು ಲೆಕ್ಕದಲ್ಲಿ ಮಾತ್ರ ಇರುತ್ತದೆ, ಮೆಮೊರಿಯಲ್ಲಿ ಎಲ್ಲೂ ಇರುವುದಿಲ್ಲ. ಸೆಕೆಂಡಿಗೆ 32,000 ಸಲ, ಪ್ರತಿ ಸಲ 48 ಗುಣಾಕಾರ: 15 ಲಕ್ಷ ಚಿಲ್ಲರೆ. ಖರ್ಚು ಸರಿಯಾಗಿ ಆರನೇ ಒಂದು ಭಾಗಕ್ಕೆ ಇಳಿಯಿತು, ಉತ್ತರ ಮಾತ್ರ ಅದೇ.

```python
def block(x, hist, t):
    buf = hist + x            # hist: ಹಿಂದಿನ 47 ಸ್ಯಾಂಪಲ್
    y = []
    while t // L < len(x):
        i, p = divmod(t, L)
        y.append(sum(c * buf[47 + i - k]
                     for k, c in enumerate(h[p::L])))
        t += M
    return y, buf[-47:], t - len(x) * L
```

ಕೊನೆಯ ಸಾಲಿನ `t` ನನ್ನ ಎರಡು ದಿನ ತಿಂದಿತು. ಧ್ವನಿ 256 ಸ್ಯಾಂಪಲ್‌ಗಳ ಬ್ಲಾಕ್‌ಗಳಲ್ಲಿ ಬರುತ್ತಿತ್ತು. ಹಳೆಯ 47 ಸ್ಯಾಂಪಲ್ ಉಳಿಸಿಕೊಳ್ಳಬೇಕು ಅಂತ ನೆನಪಿತ್ತು. ಆದರೆ `t` ಅನ್ನು ಪ್ರತಿ ಬ್ಲಾಕ್‌ಗೂ ಸೊನ್ನೆಯಿಂದ ಶುರು ಮಾಡುತ್ತಿದ್ದೆ. 256ರ ಮೂರನೇ ಎರಡು ಭಾಗ ಪೂರ್ಣಾಂಕವಲ್ಲ, ಅಲ್ವಾ? ಮೊದಲ ಬ್ಲಾಕ್ ಮುಗಿದಾಗ `t` 513 ಆಗಿರುತ್ತದೆ. 512 ಕಳೆದರೆ 1 ಉಳಿಯುತ್ತದೆ, ಮುಂದಿನ ಬ್ಲಾಕ್ ಅಲ್ಲಿಂದಲೇ ಶುರುವಾಗಬೇಕು. ಸರಿಯಾಗಿ ನಡೆದರೆ ಔಟ್‌ಪುಟ್ 171, 171, 170 ಅಂತ ಬರುತ್ತದೆ. ನನ್ನದು ಯಾವಾಗಲೂ 171.

1 ಕಿಲೋಹರ್ಟ್ಸ್ ಸ್ವರ ಹಾಯಿಸಿದಾಗ ಅದರ ಎರಡೂ ಪಕ್ಕದಲ್ಲಿ ಸುಮಾರು 187 ಹರ್ಟ್ಸ್ ಅಂತರಕ್ಕೆ ಒಂದೊಂದು ಸಣ್ಣ ಕಡ್ಡಿ ನಿಂತಿತ್ತು. ಬ್ಲಾಕ್‌ಗಳು ಬರುವ ವೇಗವೂ ಸುಮಾರು ಅಷ್ಟೇ. ತಪ್ಪು ಫಿಲ್ಟರ್‌ನಲ್ಲಲ್ಲ, ಬ್ಲಾಕ್ ಅಂಚಿನಲ್ಲಿ ಅಂತ ಅದೇ ಹೇಳಿತು. ಒಂದು ನಿಮಿಷದ ಔಟ್‌ಪುಟ್ ಎಣಿಸಿದೆ. 3,750 ಸ್ಯಾಂಪಲ್ ಜಾಸ್ತಿ ಇತ್ತು. ಫಿಲ್ಟರ್ ಮೇಲೆ ಅನುಮಾನ ಪಡುವ ಮುಂಚೆ ನಾನೀಗ ಈ ಎಣಿಕೆಯನ್ನೇ ಮೊದಲು ಮಾಡುತ್ತೇನೆ.

ಆಮೇಲೆ ಇದೇ ಕೋಡನ್ನು 44.1ರಿಂದ 48ಕ್ಕೆ ಹೋಗಲು ಬಳಸಿದೆ. ಅಲ್ಲಿ ಅನುಪಾತ 160/147. ನಡುವಿನ ರೇಟ್ 7.056 ಮೆಗಾಹರ್ಟ್ಸ್, ಕಟಾಫ್ ಈ ಸಲ ಇನ್‌ಪುಟ್ ಕಡೆಯ 22.05 ಕಿಲೋಹರ್ಟ್ಸ್. ಗುಂಪಿಗೆ 48 ಟ್ಯಾಪ್‌ನಂತೆಯೇ ಇಟ್ಟರೆ ಪ್ರತಿ ಔಟ್‌ಪುಟ್‌ಗೆ ಆಗಿನಷ್ಟೇ 48 ಗುಣಾಕಾರ. ಆದರೆ ಗುಂಪುಗಳು 160, ಒಟ್ಟು 7,680 ಸಂಖ್ಯೆಗಳು. 16 ಬಿಟ್‌ನಲ್ಲಿ ಇಟ್ಟರೂ 15,360 ಬೈಟ್. ಅಲ್ಲಿ ಇಕ್ಕಟ್ಟಾದದ್ದು ವೇಗವಲ್ಲ, ಮೆಮೊರಿ. ಫಿಲ್ಟರ್ ಎರಡೂ ಕಡೆಯಿಂದ ಒಂದೇ ಥರ ಇರುವುದರಿಂದ ಅರ್ಧ ಮಾತ್ರ ಇಟ್ಟುಕೊಂಡು, ಉಳಿದರ್ಧವನ್ನು ಹಿಮ್ಮುಖವಾಗಿ ಓದಿ ಜಾಗ ಹೊಂದಿಸಿದೆ.