ಹೊಸ ನಾಮಫಲಕವನ್ನು ಅಂಗಡಿಯ ಫೋಟೋದಲ್ಲೇ ಸರಿಯಾದ ಅಳತೆಯಲ್ಲಿ ತೋರಿಸಲು
ಬೋರ್ಡ್ ಡಿಸೈನ್ ಮಾಡುವವರಿಗೆ ಒಂದು ಸಲಹೆ. ಅಂಗಡಿಯ ಫೋಟೋ ತೆಗೆಯುವಾಗಲೇ ಹಳೆ ಬೋರ್ಡನ್ನು ಟೇಪ್ ಹಿಡಿದು ಅಳೆದುಕೊಳ್ಳಿ. ಆಮೇಲೆ ಡಿಸೈನಿನಲ್ಲಿ ಹೊಸ ಬೋರ್ಡಿನ ಜೊತೆಗೆ ಹಳೆಯದರ ಅಳತೆಯ ಒಂದು ಚೌಕಟ್ಟನ್ನೂ ಬಿಡಿಸಿ. ಉದಾಹರಣೆಗೆ, ಉಡುಪಿ ರಥಬೀದಿಯ ಒಂದು ಅಂಗಡಿಯ ಹಳೆ ಬೋರ್ಡ್ 8 ಅಡಿ ಅಗಲ, 2 ಅಡಿ ಎತ್ತರ, ಹೊಸದು 12 ಅಡಿ, 3 ಅಡಿ ಅಂತಿಟ್ಟುಕೊಳ್ಳಿ. ಅಡಿಗೆ 100 ಪಿಕ್ಸೆಲ್ ಲೆಕ್ಕದಲ್ಲಿ ಚೌಕಟ್ಟು 800×200, ಹೊಸದು 1200×300. ಹೊಸದು ಎಲ್ಲಿ ಕೂರಬೇಕೋ ಅದಕ್ಕೆ ಸರಿಯಾಗಿ ಎರಡನ್ನೂ ಜೋಡಿಸಿ, ಫೋಟೋಶಾಪಿನಲ್ಲಿ ಒಟ್ಟಿಗೆ Convert to Smart Object ಮಾಡಿ. ನಂತರ Ctrl+T ಒತ್ತಿ Distort ಆರಿಸಿ, ಚೌಕಟ್ಟಿನ ನಾಲ್ಕು ಮೂಲೆ ಫೋಟೋದಲ್ಲಿರುವ ಹಳೆ ಬೋರ್ಡಿನ ಮೂಲೆಗಳಿಗೆ ಕೂರುವ ತನಕ ಎಳೆಯಿರಿ. ಕೊನೆಗೆ Smart Object ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದು, ಚೌಕಟ್ಟನ್ನು ಮರೆ ಮಾಡಿ ಸೇವ್ ಮಾಡಿದರೆ ಆಯ್ತು. ಎರಡೂ ಒಂದೇ ಸಮತಲದಲ್ಲಿ ಇರುವುದರಿಂದ ಫೋಟೋ ಓರೆಯಾಗಿದ್ದರೂ ಅಳತೆ ತಪ್ಪುವುದಿಲ್ಲ. ಸುಮ್ನೆ ಕಣ್ಣಂದಾಜಿನಲ್ಲಿ ಹಿಗ್ಗಿಸಿ ತೋರಿಸಿದರೆ, ಬೋರ್ಡ್ ಏರಿದ ಮೇಲೆ ಮಾಲಕರಿಗೆ ಅದು ಸಣ್ಣದಾಗಿ ಕಾಣಬಹುದು, ಅಲ್ವಾ? ಆದರೆ ಹಳೆಯದು ಗೋಡೆಗೆ ಅಂಟಿಕೊಂಡಿದ್ದು, ಹೊಸದು ಸನ್‌ಶೇಡಿನ ಅಂಚಿಗೆ ಬರುವುದಾದರೆ ಈ ಲೆಕ್ಕ ನಡೆಯುವುದಿಲ್ಲ. ಮುಂದೆ ಬಂದದ್ದು ಜಾಸ್ತಿ ದೊಡ್ಡದು ಕಾಣುತ್ತದೆ. ಆಗ ಸನ್‌ಶೇಡಿನ ಅಂಚನ್ನೇ ಅಳೆಯಿರಿ. ಮೊಬೈಲಿನ 0.5x ಲೆನ್ಸ್ ಕೂಡ ಬೇಡ, ಅದರಲ್ಲಿ ಬದಿಯ ಗೆರೆಗಳು ಬಾಗಬಹುದು.