ಪ್ರಾವಿಜನ್ನೋ, ಕಂಟಿಂಜೆಂಟ್ ಲಯಬಿಲಿಟಿಯೋ? ಕೇಸ್ ಓದುವಾಗ ಮೊದಲು ತಾರೀಖು ಹುಡುಕಿ

ಅಕೌಂಟಿಂಗ್ ಪೇಪರಿನಲ್ಲಿ ಐದಾರು ಸಾಲಿನ ಒಂದು ಕೇಸ್ ಬರುತ್ತದೆ. ಕಂಪನಿ ಮೇಲೆ ಯಾರೋ ದಾವೆ ಹಾಕಿದ್ದಾರೆ, ವಕೀಲರು ಏನೋ ಹೇಳಿದ್ದಾರೆ, ಎಎಸ್ 29 ಎಂಬ ಅಕೌಂಟಿಂಗ್ ಸ್ಟ್ಯಾಂಡರ್ಡ್ ಪ್ರಕಾರ ಏನು ಮಾಡಬೇಕು? ದಾವಣಗೆರೆಯಲ್ಲಿ ಬಿ.ಕಾಂ. ಮತ್ತು ಸಿಎ ಇಂಟರ್ ಮಕ್ಕಳ ಉತ್ತರ ನೋಡುವಾಗ ನನಗೆ ಕಾಣುವುದು ಒಂದೇ ಚಾಳಿ. ಪ್ರಶ್ನೆಯಲ್ಲಿ ‘ಸಾಧ್ಯತೆ’ ಎಂಬ ಮಾತು ಎಲ್ಲಿದೆ ಎಂದು ಹುಡುಕುತ್ತಾರೆ. ಸಾಧ್ಯತೆ ಜಾಸ್ತಿ ಇದ್ದರೆ ಪ್ರಾವಿಜನ್, ಅಂದರೆ ಈಗಲೇ ಖರ್ಚು ಬರೆದು ಲೆಕ್ಕದಲ್ಲಿ ತೋರಿಸುವ ಹೊಣೆ, ಕಡಿಮೆ ಇದ್ದರೆ ನೋಟ್‌ನಲ್ಲಷ್ಟೇ ತಿಳಿಸುವ ಕಂಟಿಂಜೆಂಟ್ ಲಯಬಿಲಿಟಿ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಕೆಲವು ಸಲ ಅದು ಸರಿ ಹೋಗುತ್ತದೆ. ಆದರೆ ಪ್ರಶ್ನೆ ತೆಗೆಯುವವರು ಬಲೆ ಹಾಕುವುದು ಸಾಮಾನ್ಯವಾಗಿ ಅದಕ್ಕೂ ಮುಂಚೆ, ತಾರೀಖಿನಲ್ಲಿ.

ಸಾಧ್ಯತೆಯ ಮಾತು ಬರುವುದು ಮೂರನೆಯ ಹೆಜ್ಜೆಯಲ್ಲಿ. ಹೊಣೆ ಹುಟ್ಟಿಸಿದ ಘಟನೆ ಯಾವುದು, ಅದು ಬ್ಯಾಲೆನ್ಸ್ ಶೀಟ್ ತಾರೀಖಿನೊಳಗೆ ನಡೆದಿದೆಯೇ ಎಂಬುದು ಮೊದಲನೆಯ ಹೆಜ್ಜೆ. ಆ ಘಟನೆಯಿಂದ ಕಂಪನಿ ತಪ್ಪಿಸಿಕೊಳ್ಳಲಾಗದಂತೆ ಸಿಕ್ಕಿಬಿದ್ದಿದೆಯೇ ಎಂಬುದು ಎರಡನೆಯದು. ಇವೆರಡಕ್ಕೂ ಉತ್ತರ ಸಿಕ್ಕ ಮೇಲೆಯೇ ದುಡ್ಡು ಹೋಗುವ ಸಂಭವ ಎಷ್ಟು, ಮೊತ್ತ ಎಷ್ಟು ಎಂದು ಕೇಳಬೇಕು. ಒಂದು ಕೇಸ್ ಇಟ್ಟುಕೊಂಡು ಇದನ್ನು ನಡೆಸಿ ನೋಡೋಣ.

ಚಳ್ಳಕೆರೆಯ ಎಣ್ಣೆ ಮಿಲ್

ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಮಿಲ್ ಕಂಪನಿ 2025ರ ಜನವರಿಯಲ್ಲಿ ದಾವಣಗೆರೆಯ ಹೋಟೆಲ್ ಒಂದಕ್ಕೆ ಎಣ್ಣೆ ಡಬ್ಬ ಮಾರಿತು ಎಂದುಕೊಳ್ಳಿ. ಎಣ್ಣೆ ಕಮಟು ಹಿಡಿದಿತ್ತು, ತಿಂಡಿ ಕೆಟ್ಟು ಗಿರಾಕಿಗಳು ಜಗಳ ತೆಗೆದರು ಎಂದು ಹೋಟೆಲಿನವರು ಮಾರ್ಚ್‌ನಲ್ಲಿ 6 ಲಕ್ಷ ರೂಪಾಯಿ ಪರಿಹಾರ ಕೇಳಿ ದಾವೆ ಹಾಕಿದರು. ಹೋಟೆಲಿನವರೇ ಡಬ್ಬಗಳನ್ನು ಬಿಸಿಲಿನಲ್ಲಿ ಇಟ್ಟಿದ್ದರು ಎನ್ನುವುದು ಮಿಲ್‌ನ ವಾದ. 2025ರ ಮಾರ್ಚ್ 31ರ ಲೆಕ್ಕ ಮುಗಿಸುವಾಗ, ಮಿಲ್ ಮೇಲೆ ಹೊಣೆ ಬೀಳುವ ಸಂಭವ ಕಡಿಮೆ ಎಂದು ವಕೀಲರು ಅಭಿಪ್ರಾಯ ಕೊಟ್ಟರು.

ಇಲ್ಲಿ ಘಟನೆ ಯಾವುದು? ‘ದಾವೆ’ ಎಂದು ಬಹಳ ಜನ ಬರೆಯುತ್ತಾರೆ. ಅದು ತಪ್ಪು. ಹೊಣೆ ಹುಟ್ಟಿಸಬಲ್ಲ ಘಟನೆ ಎಣ್ಣೆಯ ಮಾರಾಟ. ದಾವೆ ಎಂದರೆ ಆ ಹೊಣೆಯನ್ನು ಒಬ್ಬರು ಕೇಳುತ್ತಿದ್ದಾರೆ ಎಂದಷ್ಟೇ. ಈ ವ್ಯತ್ಯಾಸ ಸಣ್ಣದು ಅನ್ನಿಸಬಹುದು, ಆದರೆ ಮುಂದೆ ತಾರೀಖು ಬದಲಾದಾಗ ಇದೇ ಕೈ ಹಿಡಿಯುತ್ತದೆ.

ಮಾರಾಟ ಮಾರ್ಚ್ 31ರೊಳಗೆ ಆಗಿದೆ. ಆದರೆ ಕೆಟ್ಟ ಎಣ್ಣೆ ಕೊಟ್ಟದ್ದು ಮಿಲ್ ಹೌದೋ ಅಲ್ಲವೋ ಎನ್ನುವುದೇ ಇನ್ನೂ ಗೊತ್ತಿಲ್ಲ. ಕೈಯಲ್ಲಿರುವ ಎಲ್ಲ ಪುರಾವೆ ನೋಡಿದಾಗ, ಹೊಣೆ ಇದೆ ಎನ್ನುವುದಕ್ಕಿಂತ ಇಲ್ಲ ಎನ್ನುವ ಕಡೆಗೇ ತಕ್ಕಡಿ ವಾಲುತ್ತದೆ. ಹಾಗಾಗಿ ಇದು ‘ಇರಲೂಬಹುದಾದ’ ಹೊಣೆ, ಅಂದರೆ ಕಂಟಿಂಜೆಂಟ್ ಲಯಬಿಲಿಟಿ. ಲೆಕ್ಕದ ಪುಸ್ತಕದಲ್ಲಿ ಎಂಟ್ರಿ ಇಲ್ಲ. ಲೆಕ್ಕದ ಜೊತೆ ಕೊಡುವ ನೋಟ್‌ನಲ್ಲಿ ದಾವೆಯ ಸ್ವರೂಪ, 6 ಲಕ್ಷದ ಕ್ಲೇಮು, ಇರುವ ಅನಿಶ್ಚಿತತೆ ತಿಳಿಸಬೇಕು. ವಕೀಲರು ‘ಸಂಭವ ತೀರಾ ದೂರ’ ಎಂದಿದ್ದರೆ ನೋಟ್ ಕೂಡ ಬೇಡ. ‘ಕಡಿಮೆ’ ಮತ್ತು ‘ತೀರಾ ದೂರ’ ಎರಡೂ ಒಂದೇ ಅಲ್ಲ. ಪ್ರಶ್ನೆಯಲ್ಲಿ ಯಾವುದು ಬರೆದಿದೆ ನೋಡಿಕೊಳ್ಳಿ.

ಒಂದು ವರ್ಷ ಮುಂದೆ ಹೋಗೋಣ. 2025ರ ನವೆಂಬರ್‌ನಲ್ಲಿ ಲ್ಯಾಬ್ ವರದಿ ಬಂತು. ಅದೇ ಬ್ಯಾಚಿನ, ಸೀಲ್ ಒಡೆಯದ ಡಬ್ಬದಲ್ಲೂ ಎಣ್ಣೆ ಕೆಟ್ಟಿತ್ತು. ಸೋಲುವ ಸಂಭವವೇ ಹೆಚ್ಚು, 4 ಲಕ್ಷ ಕೊಡಬೇಕಾಗಬಹುದು ಎಂದು ವಕೀಲರು ಈಗ ಹೇಳುತ್ತಾರೆ. 2026ರ ಮಾರ್ಚ್ 31ಕ್ಕೆ ಮೂರೂ ಷರತ್ತು ಕೂಡಿಬಂದವು: ಹಳೆಯ ಘಟನೆಯಿಂದ ಈಗಿನ ಹೊಣೆ, ದುಡ್ಡು ಹೋಗುವ ಸಂಭವ ಅರ್ಧಕ್ಕಿಂತ ಹೆಚ್ಚು, ನಂಬಬಹುದಾದ ಅಂದಾಜು. ಪರಿಹಾರ ವೆಚ್ಚದ ಖಾತೆಗೆ 4 ಲಕ್ಷ ಡೆಬಿಟ್, ಪ್ರಾವಿಜನ್ ಖಾತೆಗೆ 4 ಲಕ್ಷ ಕ್ರೆಡಿಟ್. ಹಾಗಾದರೆ ಹೋದ ವರ್ಷದ ಲೆಕ್ಕ ತಪ್ಪಾಯಿತಾ? ಇಲ್ಲ. ಆಗಿನ ಪುರಾವೆಗೆ ಆಗಿನ ಲೆಕ್ಕ ಸರಿಯೇ. ಇದು ಅಂದಾಜಿನಲ್ಲಿ ಬಂದ ಬದಲಾವಣೆ, ಆದ್ದರಿಂದ ಹಿಂದಿನ ವರ್ಷವನ್ನು ತಿದ್ದುವ ಹಾಗಿಲ್ಲ.

ತಾರೀಖು ಸ್ವಲ್ಪ ಸರಿಸಿದರೆ

ಈಗ ಪರೀಕ್ಷೆಯಲ್ಲಿ ಮಾಡುವ ಹಾಗೆ ಒಂದೊಂದೇ ತಾರೀಖು ಬದಲಾಯಿಸೋಣ. ಮಾರಾಟ ಜನವರಿಯಲ್ಲೇ ಆಯಿತು, ಆದರೆ ಲ್ಯಾಬ್ ವರದಿ ನವೆಂಬರ್ ಬದಲು 2025ರ ಮೇ ತಿಂಗಳಲ್ಲೇ ಬಂತು. ಕಂಪನಿಯ ಬೋರ್ಡ್ ಲೆಕ್ಕಕ್ಕೆ ಒಪ್ಪಿಗೆ ಕೊಟ್ಟದ್ದು ಜೂನ್‌ನಲ್ಲಿ. ಆಗ 2024-25ರ ಲೆಕ್ಕದಲ್ಲೇ ಪ್ರಾವಿಜನ್ ಮಾಡಬೇಕು. ವರದಿ ಆಮೇಲೆ ಬಂದಿರಬಹುದು, ಅದು ಹೇಳುವುದು ಮಾರ್ಚ್ 31ರಂದು ಇದ್ದ ಸ್ಥಿತಿಯನ್ನೇ. ಬ್ಯಾಲೆನ್ಸ್ ಶೀಟ್ ತಾರೀಖಿನ ನಂತರದ ಘಟನೆಗಳ ಬಗ್ಗೆ ಹೇಳುವ ಎಎಸ್ 4 ಇದನ್ನು ಹೊಂದಾಣಿಕೆ ಮಾಡಬೇಕಾದ ಘಟನೆ ಎನ್ನುತ್ತದೆ.

ಇನ್ನೊಂದು ರೂಪ: ಎಣ್ಣೆ ಮಾರಿದ್ದೇ 2025ರ ಏಪ್ರಿಲ್ 5ರಂದು. ಮೇ ತಿಂಗಳಲ್ಲಿ ದಾವೆ, ಸೋಲು ಖಚಿತ ಎಂದು ವಕೀಲರ ಅಭಿಪ್ರಾಯ, ಲೆಕ್ಕಕ್ಕೆ ಒಪ್ಪಿಗೆ ಜೂನ್‌ನಲ್ಲಿ. ಸಾಧ್ಯತೆ ಹುಡುಕುವ ಹುಡುಗ ‘ಸೋಲು ಖಚಿತ’ ಎಂದು ಓದಿದ ಕೂಡಲೇ ಪ್ರಾವಿಜನ್ ಬರೆಯುತ್ತಾನೆ. ಆದರೆ ಮಾರ್ಚ್ 31ರಂದು ಯಾವ ಘಟನೆಯೂ ನಡೆದೇ ಇರಲಿಲ್ಲ, ಅಲ್ವಾ? 2024-25ಕ್ಕೆ ಪ್ರಾವಿಜನ್ ಇಲ್ಲ, ಕಂಟಿಂಜೆಂಟ್ ಲಯಬಿಲಿಟಿಯೂ ಇಲ್ಲ. ಮೊತ್ತ ದೊಡ್ಡದಾಗಿದ್ದು ಕಂಪನಿಯ ಮೇಲೆ ಪರಿಣಾಮ ಬೀರುವಂತಿದ್ದರೆ ಎಎಸ್ 4 ಪ್ರಕಾರ ಬೋರ್ಡ್ ವರದಿಯಲ್ಲಿ ತಿಳಿಸಬೇಕು, ಅಷ್ಟೇ.

ಮಂಡಕ್ಕಿ ಭಟ್ಟಿಯ ಹೊಗೆ

ಎರಡನೆಯ ಹೆಜ್ಜೆ ‘ತಪ್ಪಿಸಿಕೊಳ್ಳಲು ದಾರಿ ಇದೆಯೇ’ ಎಂಬುದು. ಇಲ್ಲಿ ಎಡವುವವರು ಇನ್ನೂ ಜಾಸ್ತಿ. ದಾವಣಗೆರೆಯಲ್ಲಿ ಮಂಡಕ್ಕಿ ತಯಾರಿಸುವ ಒಂದು ಕಂಪನಿ ಇದೆ ಎಂದುಕೊಳ್ಳೋಣ. ಅದರ ಭಟ್ಟಿಗಳಿಗೆ 2025ರ ಜೂನ್ 30ರೊಳಗೆ ಹೊಗೆ ಶೋಧಕ ಹಾಕಿಸಬೇಕು ಎಂದು ಕಾನೂನು ಹೇಳುತ್ತದೆ. ಖರ್ಚು 8 ಲಕ್ಷ. ಕಂಪನಿ ಇನ್ನೂ ಹಾಕಿಸಿಲ್ಲ.

2025ರ ಮಾರ್ಚ್ 31ಕ್ಕೆ ಏನೂ ಇಲ್ಲ. ಗಡುವೇ ಬಂದಿಲ್ಲ. 2026ರ ಮಾರ್ಚ್ 31ಕ್ಕೆ ಗಡುವು ಮುಗಿದು ಒಂಬತ್ತು ತಿಂಗಳಾಗಿದೆ, ಶೋಧಕ ಇನ್ನೂ ಹಾಕಿಸಿಲ್ಲ. ಕಾನೂನೇ ಹೇಳಿದ ಮೇಲೆ 8 ಲಕ್ಷಕ್ಕೆ ಪ್ರಾವಿಜನ್ ಬೇಡವೇ? ಬೇಡ. ಶೋಧಕದ ಖರ್ಚು ಮುಂದೆ ಭಟ್ಟಿ ನಡೆಸುವುದಕ್ಕಾಗಿ. ಕಂಪನಿ ಭಟ್ಟಿ ನಿಲ್ಲಿಸಬಹುದು, ಮಂಡಕ್ಕಿ ತಯಾರಿಸುವ ವಿಧಾನ ಬದಲಿಸಬಹುದು. ತನ್ನ ಮುಂದಿನ ನಡೆಯಿಂದ ತಪ್ಪಿಸಬಹುದಾದ ಖರ್ಚು ಈಗಿನ ಹೊಣೆ ಆಗುವುದಿಲ್ಲ. ಆದರೆ ಜುಲೈಯಿಂದ ಮಾರ್ಚ್‌ವರೆಗೆ ಕಾನೂನು ಮೀರಿ ಭಟ್ಟಿ ಉರಿಸಿದ್ದು ಆಗಿಹೋದ ಘಟನೆ. ಅದನ್ನು ಈಗ ಹಿಂದೆ ತೆಗೆಯಲಾಗುವುದಿಲ್ಲ. ದಂಡ ಬೀಳುವ ಸಂಭವ ಅರ್ಧಕ್ಕಿಂತ ಹೆಚ್ಚಿದ್ದರೆ ದಂಡದ ಮೊತ್ತಕ್ಕೆ ಪ್ರಾವಿಜನ್ ಬೇಕು. ಒಂದೇ ಕೇಸಿನಲ್ಲಿ ಎರಡು ಉತ್ತರ. ಪ್ರಶ್ನೆ ತೆಗೆಯುವವರಿಗೆ ಇದು ಬಲು ಇಷ್ಟ.

ಐದು ವರ್ಷಕ್ಕೊಮ್ಮೆ ಬಾಯ್ಲರ್ ಒಳಪದರ ಬದಲಿಸುವ ಖರ್ಚು, ಮುಂದಿನ ವರ್ಷದ ನಷ್ಟಕ್ಕೆಂದು ಬೋರ್ಡ್ ತೆಗೆದಿಡಬೇಕೆಂದ ಮೊತ್ತ, ಇವಕ್ಕೂ ಶೋಧಕದ ಖರ್ಚಿನಂತೆಯೇ ಪ್ರಾವಿಜನ್ ಬೇಡ. ಹೊಣೆ ಎಂದರೆ ಇನ್ನೊಬ್ಬರಿಗೆ ಕೊಡಬೇಕಾದದ್ದು. ಬೋರ್ಡ್ ತಾನೇ ಕೂತು ತೀರ್ಮಾನಿಸಿದ ಮಾತ್ರಕ್ಕೆ ಯಾರಿಗೂ ಏನೂ ಕೊಡಬೇಕಾಗಿ ಬರುವುದಿಲ್ಲ.

ಶೇಕಡಾವಾರು ಕೊಟ್ಟರೆ

ಎಣ್ಣೆ ಮಿಲ್ ಕೇಸಿನಲ್ಲಿ ‘ಸೋಲುವ ಸಂಭವ ಶೇ 40, ಸೋತರೆ 4 ಲಕ್ಷ’ ಎಂದು ಕೊಟ್ಟರೆ, ಗುಣಿಸಿ 1.6 ಲಕ್ಷಕ್ಕೆ ಪ್ರಾವಿಜನ್ ಮಾಡುವವರು ಪ್ರತಿ ವರ್ಷ ಸಿಗುತ್ತಾರೆ. ಇದು ಒಂದೇ ದಾವೆ. ಸೋತರೆ 4 ಲಕ್ಷ, ಗೆದ್ದರೆ ಸೊನ್ನೆ. 1.6 ಲಕ್ಷ ಕೊಡುವ ಪ್ರಸಂಗವೇ ಇಲ್ಲ. ಶೇ 40 ಅರ್ಧಕ್ಕಿಂತ ಕಡಿಮೆ, ಆದ್ದರಿಂದ ಪ್ರಾವಿಜನ್ ಇಲ್ಲ, ನೋಟ್ ಮಾತ್ರ. ಶೇ 70 ಎಂದಿದ್ದರೆ? ಆಗ 2.8 ಲಕ್ಷ ಅಲ್ಲ, ಪೂರ್ತಿ 4 ಲಕ್ಷ. ಶೇಕಡಾವಾರು ಇಲ್ಲಿ ಬಾಗಿಲು ತೆರೆಯುತ್ತದೆಯೋ ಇಲ್ಲವೋ ಎಂದು ಹೇಳುತ್ತದೆ. ಮೊತ್ತ ಹೇಳುವುದಿಲ್ಲ.

ವಾರಂಟಿ ಬಂದರೆ ಕಥೆ ಬೇರೆ. ಒಂದು ಕಂಪನಿ 1,000 ಪಂಪ್‌ಸೆಟ್ ವಾರಂಟಿ ಕೊಟ್ಟು ಮಾರಿದೆ. ಹಿಂದಿನ ಅನುಭವದಂತೆ ನೂರಕ್ಕೆ ಹತ್ತು ರಿಪೇರಿಗೆ ಬರುತ್ತವೆ, ಒಂದಕ್ಕೆ 1,500 ರೂಪಾಯಿ ಖರ್ಚು. ಒಂದೊಂದೇ ಪಂಪ್ ಹಿಡಿದು ನೋಡಿದರೆ ಕೆಡುವ ಸಂಭವ ಬರೀ ಶೇ 10, ಹಾಗಾದರೆ ಪ್ರಾವಿಜನ್ ಬೇಡ ಅನ್ನಿಸುತ್ತದೆ. ಆದರೆ ಒಂದೇ ಬಗೆಯ ಹೊಣೆಗಳು ಬಹಳ ಇದ್ದಾಗ ಗುಂಪಾಗಿಯೇ ನೋಡಬೇಕು. ಗುಂಪಿನಲ್ಲಿ ಕೆಲವಾದರೂ ಬಂದೇ ಬರುತ್ತವೆ. 100 ಪಂಪ್‌ಗೆ 1,500ರಂತೆ 1.5 ಲಕ್ಷಕ್ಕೆ ಪ್ರಾವಿಜನ್. ಇಲ್ಲಿ ಗುಣಾಕಾರ ಸರಿ.

ಇನ್ಶೂರೆನ್ಸ್ ಇದೆ ಎಂದರೆ

ಕೊನೆಯ ಸಾಲಿನಲ್ಲಿ ಸುಮ್ನೆ ಎಂಬಂತೆ ‘ಮಿಲ್‌ಗೆ ಇನ್ಶೂರೆನ್ಸ್ ಇದೆ, 3 ಲಕ್ಷ ಬರಬಹುದು’ ಎಂದು ಸೇರಿಸಿರುತ್ತಾರೆ. 4 ಲಕ್ಷದಲ್ಲಿ 3 ಕಳೆದು 1 ಲಕ್ಷಕ್ಕೆ ಪ್ರಾವಿಜನ್ ತೋರಿಸಬೇಡಿ. ಹೋಟೆಲಿಗೆ ಕೊಡಬೇಕಾದವರು ಮಿಲ್‌ನವರು. ಇನ್ಶೂರೆನ್ಸ್ ಕಂಪನಿ ಕೈಕೊಟ್ಟರೂ ಆ 4 ಲಕ್ಷ ತಪ್ಪುವುದಿಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ ಪ್ರಾವಿಜನ್ ಪೂರ್ತಿ 4 ಲಕ್ಷವೇ. ಬರುವ 3 ಲಕ್ಷ ಬೇರೆಯದೇ ಆಸ್ತಿ, ಅದೂ ಬರುವುದು ಬಹುತೇಕ ಖಚಿತವಾಗಿದ್ದರೆ ಮಾತ್ರ. ಅದನ್ನು ಪ್ರಾವಿಜನ್‌ಗಿಂತ ಹೆಚ್ಚು ತೋರಿಸುವಂತಿಲ್ಲ. ಲಾಭ-ನಷ್ಟ ಖಾತೆಯಲ್ಲಿ ಮಾತ್ರ ಎರಡನ್ನೂ ಕಳೆದು 1 ಲಕ್ಷ ಎಂದು ತೋರಿಸಬಹುದು. ಪ್ರಶ್ನೆಯಲ್ಲಿ ‘ಬರಬಹುದು’ ಎಂದಷ್ಟೇ ಇದ್ದರೆ ಆ 3 ಲಕ್ಷವನ್ನು ಆಸ್ತಿ ಎಂದು ಬರೆಯುವ ಹಾಗೇ ಇಲ್ಲ.

ಉತ್ತರ ಬರೆಯುವಾಗ ನಿಯಮವನ್ನು ಅರ್ಧ ಪುಟ ಉರು ಹೊಡೆದು ಇಳಿಸುವ ಅಗತ್ಯವಿಲ್ಲ. ಮೊದಲ ಸಾಲಿನಲ್ಲೇ ಘಟನೆ ಮತ್ತು ಅದರ ತಾರೀಖು ಬರಲಿ: ‘ಹೊಣೆ ಹುಟ್ಟಿಸುವ ಘಟನೆ ಜನವರಿ 2025ರ ಮಾರಾಟ, ಅದು ಬ್ಯಾಲೆನ್ಸ್ ಶೀಟ್ ತಾರೀಖಿಗೆ ಮುಂಚೆ ನಡೆದಿದೆ.’ ಎರಡನೆಯ ಸಾಲಿನಲ್ಲಿ ಹೊಣೆ ಇದೆಯೋ, ಇರಲೂಬಹುದೋ ಎಂಬುದನ್ನು ಕೇಸಿನ ಪುರಾವೆ ಸಮೇತ ಹೇಳಿ. ಆಮೇಲೆ ಸಂಭವ, ಮೊತ್ತ, ಕೊನೆಗೆ ಎಂಟ್ರಿಯೋ ನೋಟೋ ಎಂಬ ತೀರ್ಮಾನ. ತೀರ್ಮಾನ ಬರೆಯುವಾಗ ಯಾವ ವರ್ಷದ ಲೆಕ್ಕಕ್ಕೆ ಎಂದು ನಮೂದಿಸುವುದನ್ನು ಬಿಡಬೇಡಿ. ಎಣ್ಣೆ ಮಿಲ್ ಕೇಸಿನಲ್ಲಿ ವರ್ಷ ಹೇಳದೆ ಬರೀ ‘ಪ್ರಾವಿಜನ್ ಮಾಡಬೇಕು’ ಎಂದರೆ ಅದು ಸರಿಯೂ ಹೌದು, ತಪ್ಪೂ ಹೌದು.