ಶಾರ್ಟ್ ಸ್ಟ್ರೈಕ್ ಕಾಯೋಕೆ ನಾನು ಕಟ್ಟಿಕೊಂಡ ಅಲರ್ಟ್‌ಗಳು

ಆಪ್ಷನ್‌ಗಳಲ್ಲಿ ನಾನು ಮಾರೋದು ಹೆಚ್ಚಾಗಿ ಶಾರ್ಟ್ ಸ್ಟ್ರ್ಯಾಂಗಲ್. ಮೇಲೊಂದು ಕಾಲ್, ಕೆಳಗೊಂದು ಪುಟ್, ಎಕ್ಸ್‌ಪೈರಿಗೆ ಸುಮಾರು 45 ದಿನ ಇರುವಾಗ. ಮೊದಲು ದಿನವಿಡೀ ಸ್ಕ್ರೀನ್ ಮುಂದೆ ಕೂತಿರುತ್ತಿದ್ದೆ. ಆಮೇಲೆ ಪೈಥಾನ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಬೆಲೆ ಸ್ಟ್ರೈಕ್‌ನಿಂದ ಶೇಕಡಾ 2ರಷ್ಟು ಹತ್ತಿರ ಬಂದರೆ ಫೋನಿಗೆ ಮೆಸೇಜ್ ಬರಬೇಕು, ಅಷ್ಟೇ. ಆ ಶೇಕಡಾ 2 ಎಷ್ಟು ತಪ್ಪು ಅಳತೆ ಅನ್ನೋದು ಲೆಕ್ಕ ಹಾಕಿ ನೋಡಿದ ಮೇಲೆ ಗೊತ್ತಾಯಿತು.

ಒಂದು ಪೊಸಿಷನ್ ತೆಗೆದುಕೊಳ್ಳೋಣ. ಬೆಲೆ 500 ಇದ್ದಾಗ 470ರ ಪುಟ್, 535ರ ಕಾಲ್ ಮಾರಿದ್ದೇವೆ. ಐವಿ, ಅಂದರೆ ಆಪ್ಷನ್ ಬೆಲೆಯೊಳಗೆ ಅಡಗಿರುವ ಏರಿಳಿತದ ಅಂದಾಜು, 20%. ಉಳಿದಿರೋದು 45 ದಿನ. ಬೆಲೆ 1 ಸರಿದರೆ ಆಪ್ಷನ್ ಬೆಲೆ ಎಷ್ಟು ಸರಿಯುತ್ತದೆ ಅನ್ನೋ ಡೆಲ್ಟಾ, ಚಿಹ್ನೆ ಬಿಟ್ಟು ನೋಡಿದರೆ, ಎರಡೂ ಕಡೆ 0.18ರ ಹತ್ತಿರ. ಒಂದಕ್ಕೊಂದು ಸರಿಹೋಗಿ ಒಟ್ಟು ಡೆಲ್ಟಾ ಸೊನ್ನೆ. 21 ದಿನ ಉಳಿದಾಗ ಬೆಲೆ 482ಕ್ಕೆ ಇಳಿಯಿತು, ಐವಿ 23%ಗೆ ಏರಿತು ಅಂದುಕೊಳ್ಳಿ. ಪುಟ್ ಡೆಲ್ಟಾ ಈಗ 0.31. ಬೆಲೆ ಮಾತ್ರ ಸ್ಟ್ರೈಕ್‌ನಿಂದ ಇನ್ನೂ ಶೇಕಡಾ 2.5 ದೂರದಲ್ಲಿದೆ. ಅಂದರೆ ನನ್ನ ಹಳೆ ಅಲರ್ಟ್ ಬಾಯಿ ಬಿಡೋದೇ ಇಲ್ಲ. ಅದೇ 482 ಎಕ್ಸ್‌ಪೈರಿಗೆ 2 ದಿನ ಇರುವಾಗ, ಐವಿ 20% ಇದ್ದರೆ, ಪುಟ್ ಡೆಲ್ಟಾ ಬರೀ 0.04. ಬೆಲೆಯೂ ಅದೇ, ಸ್ಟ್ರೈಕೂ ಅದೇ, ಆದರೆ ಅಪಾಯ ಬೇರೆ. ಶೇಕಡಾ ಲೆಕ್ಕಕ್ಕೆ ಈ ವ್ಯತ್ಯಾಸ ಕಾಣೋದೇ ಇಲ್ಲ.

ಹಾಗಾಗಿ ದೂರವನ್ನು ಬೇರೆ ಥರ ಅಳೆಯೋಕೆ ಶುರು ಮಾಡಿದೆ. ಉಳಿದ ದಿನಗಳಲ್ಲಿ ಬೆಲೆ ಸಾಮಾನ್ಯವಾಗಿ ಎಷ್ಟು ಓಡಾಡಬಹುದು ಅಂತ ಐವಿ ಹೇಳುತ್ತದಲ್ವಾ? ಸ್ಟ್ರೈಕ್ ಆ ಓಡಾಟದ ಎಷ್ಟು ಪಾಲು ದೂರದಲ್ಲಿದೆ ಅನ್ನೋದೇ ನನ್ನ ಅಳತೆ.

```python
import math

def doora(S, K, iv, T, put):
    z = math.log(S / K) / (iv * math.sqrt(T))
    return z if put else -z
```

ಇಲ್ಲಿ `T` ಅಂದರೆ ವರ್ಷದ ಲೆಕ್ಕದಲ್ಲಿ ಉಳಿದ ಸಮಯ. ಕೊನೆಯ ದಿನ ಅದು ಸೊನ್ನೆಯಾಗಿ ಭಾಗಾಕಾರ ಕೈಕೊಡುತ್ತದೆ. ಅದಕ್ಕೆ ಒಂದು ಗಂಟೆಗಿಂತ ಕೆಳಗೆ ಇಳಿಯದ ಹಾಗೆ ಕಟ್ಟಿಹಾಕಿದ್ದೇನೆ. ಮೇಲಿನ ಉದಾಹರಣೆಯಲ್ಲಿ 21 ದಿನ ಉಳಿದಾಗ ದೂರ 0.46. 2 ದಿನ ಉಳಿದಾಗ 1.70. ದೂರ 0.5ಕ್ಕಿಂತ ಕಡಿಮೆಯಾದರೆ ಮೆಸೇಜ್ ಬರುತ್ತದೆ. ಈ ದೂರ 0.5 ಅಂದರೆ ಪುಟ್ ಡೆಲ್ಟಾ ಹೆಚ್ಚುಕಡಿಮೆ 0.30. ಹಾಗಾಗಿ ಪುಟ್‌ಗೊಂದು, ಕಾಲ್‌ಗೊಂದು ಅಂತ ಬೇರೆ ಡೆಲ್ಟಾ ಅಲರ್ಟ್ ಇಡಲಿಲ್ಲ. ಇಟ್ಟರೆ ಒಂದೇ ಸುದ್ದಿ ಎರಡು ಸಲ ಬರುತ್ತಿತ್ತು.

ಡೆಲ್ಟಾ ಅಲರ್ಟ್ ನೋಡೋದು ಇಡೀ ಪೊಸಿಷನ್ ಯಾವ ಕಡೆ ವಾಲಿದೆ ಅಂತ. 482ರಲ್ಲಿ ಮಾರಿದ ಪುಟ್‌ನಿಂದ +0.31, ಮಾರಿದ ಕಾಲ್‌ನಿಂದ -0.03, ಒಟ್ಟು +0.28. ಶುರುವಿನಲ್ಲಿ ಯಾವ ಕಡೆಗೂ ವಾಲದೆ ಇದ್ದದ್ದು ಈಗ ಬೆಲೆ ಏರಲಿ ಅಂತ ಕಾಯುವ ಪೊಸಿಷನ್ ಆಗಿಬಿಟ್ಟಿದೆ. ಒಂದು ಜೋಡಿಗೆ 0.20 ದಾಟಿದರೆ ನನಗೆ ತಿಳಿಯಬೇಕು. ಶುರುವಿನಲ್ಲಿ ನಾನು ಚಿಹ್ನೆಯಲ್ಲೇ ಎಡವಿದ್ದೆ. ಪುಟ್ ಡೆಲ್ಟಾ ಮೊದಲೇ ಮೈನಸ್, ಮಾರಿದಾಗ ಅದು ಪ್ಲಸ್ ಆಗಬೇಕು. ಕ್ವಾಂಟಿಟಿಯನ್ನು ಮೈನಸ್‌ನಲ್ಲಿ ಇಟ್ಟು ಗುಣಿಸಿದರೆ ತಾನಾಗೇ ಸರಿಯಾಗುತ್ತದೆ.

ಆಮೇಲೆ ಬಂದ ಕಾಟ ಅಂದರೆ ಮೆಸೇಜ್‌ಗಳ ಸುರಿಮಳೆ. ದೂರ 0.49, 0.51, ಮತ್ತೆ 0.49 ಅಂತ ಆಡುತ್ತಾ ಇದ್ದರೆ ಫೋನ್ ಸುಮ್ಮನಿರೋದೇ ಇಲ್ಲ. ಒಂದು ಮಧ್ಯಾಹ್ನ ಬೇಸತ್ತು ಸೌಂಡ್ ಆಫ್ ಮಾಡಿಬಿಟ್ಟೆ. ಆಮೇಲೆ ಹಚ್ಚುವ ಗೆರೆ ಬೇರೆ, ಆರಿಸುವ ಗೆರೆ ಬೇರೆ ಮಾಡಿದೆ. 0.5ಕ್ಕೆ ಹತ್ತಿದ ಅಲರ್ಟ್ 0.7 ದಾಟುವ ತನಕ ಮತ್ತೆ ಕೂಗೋದಿಲ್ಲ. ಹತ್ತಿದೆಯಾ ಇಲ್ಲವಾ ಅನ್ನೋದನ್ನ ಫೈಲ್‌ನಲ್ಲಿ ಬರೆದಿಡಬೇಕು. ಇಲ್ಲದಿದ್ದರೆ ಸ್ಕ್ರಿಪ್ಟ್ ಮತ್ತೆ ಶುರುವಾದಾಗೆಲ್ಲ ಹಳೆ ಅಲರ್ಟ್‌ಗಳು ಮತ್ತೆ ಬರುತ್ತವೆ.

ಇಷ್ಟಾದ ಮೇಲೂ ಒಂದು ದೊಡ್ಡ ಪೆಟ್ಟು ತಿಂದೆ. ಒಂದು ಬೆಳಿಗ್ಗೆ ಮಾರುಕಟ್ಟೆ ಗ್ಯಾಪ್ ಆಗಿ ಕೆಳಗೇ ತೆರೆಯಿತು. ನನ್ನ ಪುಟ್ ಮೊದಲ ಕೋಟ್‌ನಿಂದಲೇ ಇನ್ ದಿ ಮನಿ, ಅಂದರೆ ಬೆಲೆ ಆಗಲೇ ಸ್ಟ್ರೈಕ್‌ಗಿಂತ ಕೆಳಗೆ. ಫೋನ್ ಮಾತ್ರ ತಣ್ಣಗಿತ್ತು. ಸುಮಾರು 40 ನಿಮಿಷ ಆದಮೇಲೆ ನಾನಾಗೇ ಚಾರ್ಟ್ ತೆರೆದಾಗ ಎದೆ ಧಸಕ್ ಅಂದಿತು. ಸ್ಕ್ರಿಪ್ಟ್ ನಿಂತುಹೋಗಿದೆ ಅಂದುಕೊಂಡೆ. ಲಾಗ್ ತೆಗೆದು ನೋಡಿದರೆ ಅದು ಚೆನ್ನಾಗೇ ಓಡುತ್ತಿತ್ತು. ಪ್ರತಿ ಸಾಲಿನಲ್ಲೂ ಐವಿ ಜಾಗದಲ್ಲಿ `nan` ಅಂತ ಇತ್ತು.

ಆಗಿದ್ದಿಷ್ಟು. ಬಿಡ್‌ಗೂ ಆಸ್ಕ್‌ಗೂ ಭಾರೀ ಅಂತರ ಇತ್ತು. ಎರಡರ ನಡುವಿನ ಬೆಲೆ ಪುಟ್‌ನ ಇನ್‌ಟ್ರಿನ್ಸಿಕ್ ಬೆಲೆಗಿಂತಲೂ, ಅಂದರೆ ಸ್ಟ್ರೈಕ್‌ನಿಂದ ಆಗಿನ ಬೆಲೆ ಕಳೆದರೆ ಉಳಿಯುವುದಕ್ಕಿಂತಲೂ, ಕೆಳಗೆ ಬಿತ್ತು. ಅಂಥ ಬೆಲೆಗೆ ಹೊಂದುವ ಐವಿ ಇರೋದೇ ಇಲ್ಲ, ಹಾಗಾಗಿ ಲೆಕ್ಕ `nan` ಕೊಟ್ಟಿತು. ಪೈಥಾನ್‌ನಲ್ಲಿ `nan < 0.5` ಅಂತ ಕೇಳಿದರೆ ಎರರ್ ಬರೋದಿಲ್ಲ, ಸುಮ್ನೆ `False` ಬರುತ್ತದೆ. ಅಂದರೆ ಅಲರ್ಟ್ ಬೇಕೇ ಬೇಕಾಗಿದ್ದ ಹೊತ್ತಿಗೆ ನನ್ನ ಕೋಡ್ 'ಎಲ್ಲಾ ಸರಿ' ಅಂತ ಹೇಳುತ್ತಾ ಕೂತಿತ್ತು.

ಅವತ್ತೇ ಮೂರು ಬದಲಾವಣೆ ಮಾಡಿದೆ. ಐವಿ ಬೇಡದ ಒಂದು ಒರಟು ಅಲರ್ಟ್ ಸೇರಿಸಿದೆ: ಬೆಲೆ ಸ್ಟ್ರೈಕ್ ಮುಟ್ಟಿದರೆ ಬೇರೆ ಯಾವ ಲೆಕ್ಕವೂ ಬೇಡ, ಮೆಸೇಜ್ ಹೋಗಲೇಬೇಕು. ಪುಟ್ ಇನ್ ದಿ ಮನಿ ಆಗಿದ್ದರೆ ಅದೇ ಸ್ಟ್ರೈಕ್, ಅದೇ ಎಕ್ಸ್‌ಪೈರಿಯ ಕಾಲ್‌ನಿಂದ ಐವಿ ತೆಗೆಯುತ್ತೇನೆ. ಎರಡರ ಐವಿಯೂ ಹೆಚ್ಚುಕಡಿಮೆ ಒಂದೇ, ಔಟ್ ಆಫ್ ದಿ ಮನಿ ಕಡೆಯ ಕೋಟ್ ಜಾಸ್ತಿ ನಂಬಿಕಸ್ಥ. ಸತತ ಮೂರು ಸಲ ಒಳ್ಳೆ ಐವಿ ಸಿಗದಿದ್ದರೆ ಅದೇ ಒಂದು ಅಲರ್ಟ್: 'ಈ ಪೊಸಿಷನ್ ನನಗೆ ಕಾಣ್ತಿಲ್ಲ'. ಸ್ಕ್ರಿಪ್ಟ್ ನಿಜವಾಗಿಯೂ ನಿಂತುಹೋದರೆ ಹೇಳೋಕೆ ಬೇರೆ ಕಂಪ್ಯೂಟರ್‌ನಲ್ಲಿ ಇನ್ನೊಂದು ಪುಟ್ಟ ಸ್ಕ್ರಿಪ್ಟ್ ಇದೆ. ಲಾಗ್ ಫೈಲ್ 15 ನಿಮಿಷ ಬದಲಾಗದಿದ್ದರೆ ಅದು ಕೂಗುತ್ತದೆ.

ಎಕ್ಸ್‌ಪೈರಿ ಅಲರ್ಟ್ ಸುಲಭ ಅನ್ನಿಸುತ್ತದೆ. 21 ದಿನಕ್ಕೊಂದು, 7 ದಿನಕ್ಕೊಂದು, ಹಿಂದಿನ ದಿನ ಒಂದು. ಎಕ್ಸ್‌ಪೈರಿ ತಾರೀಖನ್ನು ಮಾತ್ರ ಎಕ್ಸ್‌ಚೇಂಜ್‌ನ ಕಾಂಟ್ರಾಕ್ಟ್ ಪಟ್ಟಿಯಿಂದಲೇ ತೆಗೆಯಿರಿ, ವಾರದ ಇಂಥ ದಿನ ಅಂತ ಊಹಿಸಬೇಡಿ. ರಜೆ ಬಂದರೆ ಅದು ಹಿಂದಕ್ಕೆ ಸರಿಯುತ್ತದೆ. ಸರ್ವರ್ ಗಡಿಯಾರ `UTC`ಯಲ್ಲಿದ್ದರೆ ದಿನದ ಲೆಕ್ಕವೂ ಒಂದು ದಿನ ತಪ್ಪಬಹುದು.

ಆದರೆ ಎಕ್ಸ್‌ಪೈರಿ ಹತ್ತಿರ ಬಂದಾಗ ತಾರೀಖು ನೆನಪಿಸಿದರೆ ಸಾಲದು, ನೋಡುವ ವೇಗವೂ ಹೆಚ್ಚಬೇಕು. 21 ದಿನ ಉಳಿದಾಗ ಬೆಲೆ 482ರಿಂದ 473ಕ್ಕೆ ಬಂದರೆ ಪುಟ್ ಡೆಲ್ಟಾ 0.31ರಿಂದ 0.44ಕ್ಕೆ ಏರುತ್ತದೆ. 2 ದಿನ ಉಳಿದಾಗ ಅದೇ 9 ಪಾಯಿಂಟ್ ಇಳಿದರೆ 0.04ರಿಂದ 0.33ಕ್ಕೆ ಹಾರುತ್ತದೆ. ಗ್ಯಾಮಾ ಮಾಡುವ ಕೆಲಸ ಇದು. ಹಾಗಾಗಿ ಮಾಮೂಲಿಯಾಗಿ 5 ನಿಮಿಷಕ್ಕೊಮ್ಮೆ ನೋಡುವ ಸ್ಕ್ರಿಪ್ಟ್ ಕೊನೆಯ ವಾರ ಪ್ರತಿ ನಿಮಿಷ ನೋಡುತ್ತದೆ. 7 ದಿನದ ಅಲರ್ಟ್ ಬಂದಾಗಲೇ ಈ ಬದಲಾವಣೆಯೂ ತಾನಾಗೇ ಆಗುತ್ತದೆ.

ರಾತ್ರಿಯ ಗ್ಯಾಪ್‌ಗೆ ಮಾತ್ರ ಯಾವ ಅಲರ್ಟೂ ಮುಂಚೆ ಬರೋದಿಲ್ಲ. ಅದಕ್ಕೆ ಮಾರುಕಟ್ಟೆ ಮುಚ್ಚುವ ಅರ್ಧ ಗಂಟೆ ಮೊದಲು ಒಂದು ಮೆಸೇಜ್ ಬರಿಸಿಕೊಳ್ಳುತ್ತೇನೆ: ನಾಳೆ ಶೇಕಡಾ 3 ಕೆಳಗೆ ಅಥವಾ ಮೇಲೆ ತೆರೆದರೆ ಒಟ್ಟು ಡೆಲ್ಟಾ ಎಷ್ಟಾಗುತ್ತದೆ? ನಮ್ಮ ಉದಾಹರಣೆಯ 482ರಿಂದ ಶೇಕಡಾ 3 ಇಳಿದರೆ ಬೆಲೆ 467.5. ಐವಿ ಹಾಗೇ ಇದ್ದರೂ ಒಟ್ಟು ಡೆಲ್ಟಾ +0.28ರಿಂದ +0.52ಕ್ಕೆ ಹೋಗುತ್ತದೆ. ಆ ಅಂಕಿ ನೋಡಿ ಪುಟ್ ಇಟ್ಟುಕೊಂಡು ಮಲಗೋಕೆ ಮನಸ್ಸು ಬಾರದಿದ್ದರೆ, ಆ ಅರ್ಧ ಗಂಟೆಯೊಳಗೇ ಅದನ್ನ ವಾಪಸ್ ಕೊಂಡುಬಿಡುತ್ತೇನೆ.